ಛತ್ರದ ಅಡ್ವಾನ್ಸ್ ಕೊಡುವ ಮುನ್ನ ಲೀಸ್ ವಿಚಾರಿಸಿ

ಮದುವೆ ಮನೆಯವರ ಅಡ್ವಾನ್ಸ್ ನುಂಗುವವರೆಲ್ಲ ಊರೂರು ಅಲೆಯುವ ಖದೀಮರಲ್ಲ. ಎಷ್ಟೋ ಸಲ ಅವರು ಅದೇ ಛತ್ರದ ಆಫೀಸಿನಲ್ಲಿ, ಅದೇ ಮೇಜಿನ ಹಿಂದೆ ಕೂತಿರುತ್ತಾರೆ. ನಮ್ಮಲ್ಲಿ ಅನೇಕ ಕಲ್ಯಾಣಮಂಟಪಗಳ ಒಡೆತನ ಒಬ್ಬರದು, ನಡೆಸುವವರು ಇನ್ನೊಬ್ಬರು. ಕಟ್ಟಡ ಟ್ರಸ್ಟಿನದೋ ಸಮಾಜದ್ದೋ ಆಗಿದ್ದು, ಬುಕಿಂಗ್ ಮಾತ್ರ ಲೀಸಿಗೆ ಹಿಡಿದವರ ಕೈಯಲ್ಲಿರುತ್ತದೆ.

ಆ ಲೀಸ್ ಮಾರ್ಚ್‌ಗೆ ಮುಗಿಯುತ್ತದೆ ಎಂದುಕೊಳ್ಳಿ. ಗುತ್ತಿಗೆದಾರನಿಗೆ ಸಾಲ, ಮಾಲೀಕರಿಗೆ ಬಾಡಿಗೆ ಬಾಕಿ. ಆದರೂ ಜನವರಿಯಲ್ಲಿ ಕೂತು ಮೇ ತಿಂಗಳ ಮುಹೂರ್ತಗಳಿಗೆ ದುಡ್ಡು ಹಿಡಿಯುತ್ತಾನೆ. ‘ಎರಡು ಲಕ್ಷದ ಛತ್ರ ಸಾರ್, ಪೂರ್ತಿ ಈಗಲೇ ಕೊಟ್ರೆ ಒಂದೂವರೆಗೆ ಮಾಡಿಕೊಡ್ತೀನಿ. ಇನ್ನೊಂದು ಪಾರ್ಟಿ ಸಂಜೆ ಬರ್ತಿದೆ’ ಅನ್ನುತ್ತಾನೆ. ಏಪ್ರಿಲ್‌ನಲ್ಲಿ ಹೋದರೆ ಹೊಸಬರು ಡೈರಿ ತಿರುವಿ ಹಾಕಿ, ನಿಮ್ಮ ಹೆಸರೇ ಇಲ್ಲ ಎನ್ನುತ್ತಾರೆ. ಟ್ರಸ್ಟಿನವರು ದುಡ್ಡು ನಮಗೆ ಬಂದಿಲ್ಲ ಎನ್ನುತ್ತಾರೆ. ಇಬ್ಬರದೂ ಸುಳ್ಳಲ್ಲ.

ಹಾಗಾಗಿ ಊಟದ ಹಾಲು, ಕೋಣೆ ನೋಡುವ ಮೊದಲು ಕಟ್ಟಡ ಯಾರದು, ಲೀಸ್ ಯಾವ ತಿಂಗಳವರೆಗೆ ಎಂದು ಕೇಳಿ. ಉತ್ತರವನ್ನು ಮಾಲೀಕರ ಬಳಿಯೇ ಖಚಿತಪಡಿಸಿಕೊಳ್ಳಿ. ಮದುವೆ ದಿನ ಲೀಸ್ ಅವಧಿಯ ಆಚೆಗಿದ್ದರೆ ಮಾಲೀಕರ ಸಹಿಯಿಲ್ಲದೆ ಒಂದು ರೂಪಾಯಿಯನ್ನೂ ಕೊಡಬಾರದು. ಬುಕಿಂಗ್ ಡೈರಿಯಲ್ಲಿ ಹೆಸರನ್ನು ನಿಮ್ಮೆದುರೇ ಬರೆಸಿ, ಆ ಪುಟದ ಫೋಟೊ ತೆಗೆದುಕೊಳ್ಳಿ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಮೊಬೈಲ್‌ನಲ್ಲಿ ಕಾಣುವ ಹೆಸರೂ ರಸೀದಿಯ ಹೆಸರೂ ಬೇರೆಯಾಗಿದ್ದರೆ ಅಲ್ಲೇ ನಿಲ್ಲಿಸಿ. ರಸೀದಿಯಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ gst.gov.in ತಾಣದಲ್ಲಿ ಹುಡುಕಬಹುದು. ಅದು 15 ಅಕ್ಷರಗಳದು, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ನೋಂದಣಿ ಯಾರ ಹೆಸರಲ್ಲಿದೆ, ರದ್ದಾಗಿದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಲೀಸಿನ ಕಥೆ ಮಾತ್ರ ಅಲ್ಲಿ ಸಿಗದು.

ಅಡುಗೆಯವರ ಬಳಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರಬೇಕು. ನನಗೆ ಅದಕ್ಕಿಂತ ನಂಬಿಕೆ ಪಾತ್ರೆ ಬಾಡಿಗೆಗೆ ಕೊಡುವವರ ಮಾತಿನ ಮೇಲೆ. ಯಾರು ಬಾಕಿ ಉಳಿಸಿಕೊಂಡು ತಲೆಮರೆಸಿಕೊಳ್ಳುತ್ತಾರೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ. ಫೋಟೊಗ್ರಾಫರ್ ಇನ್‌ಸ್ಟಾಗ್ರಾಮಿನ ಇಪ್ಪತ್ತು ಚೆಂದದ ಚಿತ್ರ ತೋರಿಸಿದರೆ ಸಾಲದು, ಅವು ಯಾರದೋ ಇರಬಹುದು. ಒಂದೇ ಮದುವೆಯ ನಾಂದಿಯಿಂದ ಆರತಕ್ಷತೆವರೆಗಿನ ಎಲ್ಲ ಫೋಟೊ ಕೇಳಿ, ಆ ಮನೆಯವರಿಗೆ ಒಂದು ಫೋನ್ ಮಾಡಿ.

ದುಡ್ಡು ಹೋಗೇಬಿಟ್ಟರೆ? ಆನ್‌ಲೈನ್‌ನಲ್ಲೇ ಪರಿಚಯವಾಗಿ, ಅಲ್ಲೇ ದುಡ್ಡು ಪೀಕಿದವನಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಠಾಣೆಗೆ ಹೋದರೆ ‘ಇದು ಸಿವಿಲ್ ಮ್ಯಾಟರ್’ ಎಂದು ಸಾಗಹಾಕುವುದುಂಟು. ಒಂದೇ ದಿನವನ್ನು ಇಬ್ಬರಿಗೆ ಮಾರಿದ್ದಕ್ಕೆ ಅಥವಾ ಲೀಸ್ ಮುಗಿಯುವುದು ಗೊತ್ತಿದ್ದೇ ಹಣ ಹಿಡಿದಿದ್ದಕ್ಕೆ ದಾಖಲೆ ತೋರಿಸಿದರೆ, ಮೊದಲಿನಿಂದಲೂ ಮೋಸದ ಉದ್ದೇಶವಿತ್ತು ಎಂಬ ವಾದಕ್ಕೆ ಬಲ ಬರುತ್ತದೆ. ಜೊತೆಗೆ ಜಿಲ್ಲಾ ಗ್ರಾಹಕ ಆಯೋಗವಿದೆ. ಛತ್ರ ಯಾವ ಊರಲ್ಲೇ ಇರಲಿ, ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಗಡುವು 2 ವರ್ಷ.