41 ಕಂತೋ, 48 ಕಂತೋ?

‘ಮನಿ ಹೈಸ್ಟ್’ ಧಾರಾವಾಹಿಯಲ್ಲಿ ಒಟ್ಟು ಎಷ್ಟು ಕಂತುಗಳಿವೆ? ಒಂದು ಕಡೆ 41 ಎಂದಿರುತ್ತದೆ, ಇನ್ನೊಂದು ಕಡೆ 48. ಮೊದಲ ಕಂತು ಬಂದದ್ದು ಯಾವಾಗ ಎಂದು ಹುಡುಕಿದರೆ 2017ರ ಮೇ 2 ಎಂಬ ಉತ್ತರವೂ ಸಿಗುತ್ತದೆ, ಅದೇ ವರ್ಷದ ಡಿಸೆಂಬರ್ 20 ಎಂಬುದೂ ಸಿಗುತ್ತದೆ. ಯಾರೋ ಎಣಿಸುವಾಗ ಎಡವಿದ್ದಾರೆ ಎಂದು ಅನ್ನಿಸುವುದು ಸಹಜ. ಆದರೆ ಇಲ್ಲಿ ಯಾರೂ ಎಡವಿಲ್ಲ. ಒಂದೇ ಕಥೆಯನ್ನು ಎರಡು ಬಗೆಯಲ್ಲಿ ಕತ್ತರಿಸಿ, ಎರಡು ಬೇರೆ ಕಡೆ, ಎರಡು ಬೇರೆ ದಿನ ತೋರಿಸಲಾಗಿದೆ.

ಆಲೆಕ್ಸ್ ಪೀನಾ ರೂಪಿಸಿದ ಈ ಧಾರಾವಾಹಿ ಹುಟ್ಟಿದ್ದು ಸ್ಪೇನಿನ ‘ಆಂತೆನಾ 3’ ವಾಹಿನಿಗಾಗಿ. ಸ್ಪೇನಿನಲ್ಲಿ ರಾತ್ರಿಯೂಟವೇ ತಡ, ಟಿವಿಯ ಮುಖ್ಯ ಕಾರ್ಯಕ್ರಮ ಶುರುವಾಗುವುದು ಅದಕ್ಕೂ ತಡ, ಹತ್ತೂವರೆಯ ಮೇಲೆ. ಅಲ್ಲಿನ ವಾಹಿನಿಗಳು ಒಂದು ರಾತ್ರಿಗೆ ಒಂದು ಧಾರಾವಾಹಿಯ ಒಂದೇ ಉದ್ದನೆಯ ಕಂತನ್ನು ಇಡುತ್ತವೆ. ಹಾಗಾಗಿ ಕಂತೊಂದು ಸುಮಾರು 70 ನಿಮಿಷ. ಜಾಹೀರಾತು ಸೇರಿದರೆ ಮುಗಿಯುವ ಹೊತ್ತಿಗೆ ಮಧ್ಯರಾತ್ರಿ ದಾಟುತ್ತಿತ್ತು. ವಾರಕ್ಕೊಂದರಂತೆ ಮೇ 2ರಿಂದ ಜೂನ್ 27ರವರೆಗೆ 9 ಕಂತು ಬಂದವು, ನಡುವೆ ಬಿಡುವು, ಅಕ್ಟೋಬರ್ 16ರಿಂದ ನವೆಂಬರ್ 23ರವರೆಗೆ ಉಳಿದ 6. ಆರಂಭದಲ್ಲಿ 40 ಲಕ್ಷ ದಾಟಿದ್ದ ವೀಕ್ಷಕರ ಸಂಖ್ಯೆ ಕೊನೆಯ ಹೊತ್ತಿಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಸ್ಪೇನಿನ ಮಟ್ಟಿಗೆ ಕಥೆ 15 ಕಂತಿಗೆ ಮುಗಿದಿತ್ತು.

ಆಮೇಲೆ ನೆಟ್‌ಫ್ಲಿಕ್ಸ್ ಅದನ್ನು ಜಗತ್ತಿಗೆ ತೋರಿಸುವ ಹಕ್ಕು ಪಡೆಯಿತು. ಮೊಬೈಲಿನಲ್ಲೋ ಮನೆಯ ಟಿವಿಯಲ್ಲೋ ಒಂದರ ಹಿಂದೆ ಒಂದು ನೋಡುವವರಿಗೆ 70 ನಿಮಿಷದ ಕಂತು ಭಾರ. ಮುಕ್ಕಾಲು ಗಂಟೆಯ ಆಸುಪಾಸಿನ ಕಂತು ಅವರಿಗೆ ರೂಢಿ. ಅದಕ್ಕಾಗಿ ಇಡೀ ಕಥೆಯನ್ನು ಮತ್ತೆ ಸಂಕಲನ ಮಾಡಲಾಯಿತು. ಲೆಕ್ಕ ಹಾಕಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ: 9 ಕಂತು, ತಲಾ 70 ನಿಮಿಷ ಎಂದರೆ ಸುಮಾರು 630 ನಿಮಿಷ. ಅದನ್ನು 13 ಪಾಲು ಮಾಡಿದರೆ ಒಂದೊಂದಕ್ಕೆ 48 ನಿಮಿಷದಷ್ಟು. ಎರಡನೇ ಭಾಗದ 6 ಕಂತು ಇದೇ ರೀತಿ 9 ಆಯಿತು. ಸ್ಪೇನಿನ 15 ಕಂತು ಹೊರಜಗತ್ತಿಗೆ 22 ಆಗಿ ತಲುಪಿದವು. ಮೊದಲ ಭಾಗ 2017ರ ಡಿಸೆಂಬರ್ 20ಕ್ಕೆ, ಎರಡನೆಯದು 2018ರ ಏಪ್ರಿಲ್ 6ಕ್ಕೆ.

ಕತ್ತರಿ ಬಿದ್ದಾಗ ಬದಲಾಗುವುದು ಸಂಖ್ಯೆಯಷ್ಟೇ ಅಲ್ಲ. ಕಂತಿನ ಕೊನೆಯಲ್ಲಿ ನೋಡುಗರನ್ನು ತುದಿಗಾಲಲ್ಲಿ ನಿಲ್ಲಿಸುವ ದೃಶ್ಯ ಬೇಕು. ಕಂತುಗಳು ಹೆಚ್ಚಾದರೆ ಅಂಥ ನಿಲುಗಡೆಗಳೂ ಹೆಚ್ಚಬೇಕು. ಸ್ಪೇನಿನವರು ಕಂತಿನ ನಡುವೆ ಸರಾಗವಾಗಿ ನೋಡಿ ಮುಂದೆ ಹೋದ ದೃಶ್ಯವೇ ಬೆಂಗಳೂರಿನ ವೀಕ್ಷಕರಿಗೆ ಒಂದು ಕಂತಿನ ಕೊನೆಯಾಗಿರಬಹುದು. ಈಗ ‘ಎರಡನೇ ಭಾಗ, ಆರನೇ ಕಂತು’ ಎಂದು ಯಾರಾದರೂ ಬರೆದರೆ ಅದರ ಅರ್ಥವೇನು? ಆಂತೆನಾ 3ರ ಲೆಕ್ಕದಲ್ಲಿ ಅದು ಕಥೆಯ ಮುಕ್ತಾಯ. ನೆಟ್‌ಫ್ಲಿಕ್ಸ್ ಲೆಕ್ಕದಲ್ಲಿ ಇನ್ನೂ ಮೂರು ಕಂತು ಬಾಕಿ. ಕೊನೆ ತಿಳಿಯಬಾರದೆಂದು ಜೋಪಾನವಾಗಿ ಓದುತ್ತಿದ್ದವರಿಗೆ ಈ ಗೊಂದಲ ದೊಡ್ಡ ನಷ್ಟವನ್ನೇ ಮಾಡುತ್ತದೆ. ಒಂದು ಆವೃತ್ತಿಗೆ ಮಾಡಿದ ಸಬ್‌ಟೈಟಲ್ ಇನ್ನೊಂದಕ್ಕೆ ಹೊಂದದಿರುವುದಕ್ಕೂ ಇದೇ ಕಾರಣ.

ಎದುರಿಗಿರುವುದು ಯಾವ ಆವೃತ್ತಿಯ ಪಟ್ಟಿ ಎಂದು ತಿಳಿಯಲು ಅವಧಿಯನ್ನು ನೋಡಿದರೆ ಸಾಕು. ಮೊದಲ ಕಂತು 70 ನಿಮಿಷದ ಹತ್ತಿರವಿದ್ದರೆ ಅದು ಸ್ಪೇನಿನ ಮೂಲ. ಮುಕ್ಕಾಲು ಗಂಟೆಯ ಹತ್ತಿರವಿದ್ದರೆ ಮರುಸಂಕಲನ. ಮೂಲದ ಕಂತುಗಳಿಗೆ ಹೆಸರುಗಳೂ ಇದ್ದವು. ಮೊದಲೆರಡು ಭಾಗಗಳ ಮರುಸಂಕಲನದಲ್ಲಿ ಬರೀ ‘ಕಂತು 1’, ‘ಕಂತು 2’ ಎಂಬ ಎಣಿಕೆ ಉಳಿಯಿತು. ಮೂರನೇ ಭಾಗದಿಂದ ಧಾರಾವಾಹಿ ನೆಟ್‌ಫ್ಲಿಕ್ಸ್‌ಗಾಗಿಯೇ ತಯಾರಾದ್ದರಿಂದ ಅಲ್ಲಿಂದಾಚೆಗೆ ಜಗಳವೇ ಇಲ್ಲ: 8, 8, 10, ಒಟ್ಟು 26. ಅದಕ್ಕೆ 15 ಕೂಡಿಸಿದವರಿಗೆ 41 ಸಿಕ್ಕಿತು, 22 ಕೂಡಿಸಿದವರಿಗೆ 48.

ಧಾರಾವಾಹಿಗಳ ಮಾಹಿತಿ ಕಲೆಹಾಕುವವರಿಗೆ ಇದು ಹಳೆಯ ತಲೆನೋವು. ‘ದಿ ಟಿವಿಡಿಬಿ’ ಎಂಬ ದತ್ತಾಂಶ ತಾಣ ಒಂದೇ ಧಾರಾವಾಹಿಗೆ ಪ್ರಸಾರದ ಕ್ರಮ, ಡಿವಿಡಿಯ ಕ್ರಮ ಎಂದು ಬೇರೆ ಬೇರೆ ಪಟ್ಟಿಗಳನ್ನು ಇಟ್ಟುಕೊಳ್ಳಲು ಅವಕಾಶ ಮಾಡಿಕೊಂಡಿರುವುದು ಇದಕ್ಕಾಗಿಯೇ. ಅದು ಒಳ್ಳೆಯ ದಾರಿ. ಒಂದು ಪಟ್ಟಿಯನ್ನು ಸರಿಯೆಂದು ಎತ್ತಿಹಿಡಿದು ಇನ್ನೊಂದನ್ನು ಅಳಿಸಿದರೆ, ಯಾವುದೋ ಒಂದು ದೇಶದ ಜನ ನಿಜವಾಗಿ ನೋಡಿದ್ದೇ ದಾಖಲೆಯಿಂದ ಕಳೆದುಹೋಗುತ್ತದೆ.

ಕತ್ತರಿ ಬೀಳದಿದ್ದರೂ ತಾರೀಖು ಬದಲಾಗಬಹುದು, ಗಡಿಯಾರದ ಕಾರಣಕ್ಕೆ. ‘ಗೇಮ್ ಆಫ್ ಥ್ರೋನ್ಸ್’ನ ಎಂಟನೇ ಸೀಸನ್ ಅಮೆರಿಕದಲ್ಲಿ ಶುರುವಾದದ್ದು 2019ರ ಏಪ್ರಿಲ್ 14, ಭಾನುವಾರ ರಾತ್ರಿ 9ಕ್ಕೆ, ನ್ಯೂಯಾರ್ಕ್ ಸಮಯ. ಅದೇ ಕ್ಷಣ ಭಾರತದಲ್ಲಿ ಏಪ್ರಿಲ್ 15, ಸೋಮವಾರ ಬೆಳಿಗ್ಗೆ ಆರೂವರೆ. ಕೆಲಸಕ್ಕೆ ಹೊರಡುವ ಮೊದಲೇ ಎದ್ದು ನೋಡಿದವರು ಇಲ್ಲಿ ಬಹಳ ಮಂದಿ. ಅವರ ದಿನಚರಿಯಲ್ಲಿರುವ 15 ಕೂಡ ಸರಿಯಾದ ತಾರೀಖೇ. ನೆಟ್‌ಫ್ಲಿಕ್ಸ್ ಸಾಮಾನ್ಯವಾಗಿ ಕ್ಯಾಲಿಫೋರ್ನಿಯಾದ ಮಧ್ಯರಾತ್ರಿಗೆ ತನ್ನ ಹೊಸ ಕಂತುಗಳನ್ನು ತೆರೆಯುತ್ತದೆ. ನಮ್ಮಲ್ಲಿ ಆಗ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಹವಾಯಿಯಲ್ಲಿ ಮಾತ್ರ ಇನ್ನೂ ಹಿಂದಿನ ದಿನದ ರಾತ್ರಿ.

ಜಪಾನಿನ ಪದ್ಧತಿ ಎಲ್ಲಕ್ಕಿಂತ ವಿಶಿಷ್ಟ. ಅಲ್ಲಿ ಅನಿಮೆ ಸರಣಿಗಳು ಹೆಚ್ಚಾಗಿ ಮಧ್ಯರಾತ್ರಿಯ ನಂತರ ಬರುತ್ತವೆ. ಎಚ್ಚರವಿರುವವರಿಗೆ ಅದು ಇನ್ನೂ ಶನಿವಾರದ ರಾತ್ರಿಯೇ ಆದ್ದರಿಂದ ವಾಹಿನಿಗಳು ವೇಳಾಪಟ್ಟಿಯಲ್ಲಿ ‘ಶನಿವಾರ 25:30’ ಎಂದು ಬರೆಯುತ್ತವೆ. ಕ್ಯಾಲೆಂಡರಿನ ಪ್ರಕಾರ ಅದು ಭಾನುವಾರ ಬೆಳಗಿನ ಜಾವ ಒಂದೂವರೆ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಅದೇ ಹೊತ್ತಿಗೆ ಇಲ್ಲಿ ಓಟಿಟಿಯಲ್ಲಿ ಬಂದರೆ ಶನಿವಾರ ರಾತ್ರಿ ಹತ್ತು ಗಂಟೆ. ವಾಹಿನಿಯ ಪಟ್ಟಿಯಲ್ಲಿ ಶನಿವಾರ, ಜಪಾನಿನ ಕ್ಯಾಲೆಂಡರಿನಲ್ಲಿ ಭಾನುವಾರ, ಭಾರತದಲ್ಲಿ ಮತ್ತೆ ಶನಿವಾರ. ಗಂಟೆಯನ್ನು ಬಿಟ್ಟು ದಿನವನ್ನಷ್ಟೇ ನಕಲು ಮಾಡಿಕೊಂಡ ಪಟ್ಟಿಗಳಲ್ಲಿ ಒಂದು ದಿನದ ವ್ಯತ್ಯಾಸ ಕಂತಿನಿಂದ ಕಂತಿಗೆ ಹಾಗೇ ಮುಂದುವರಿಯುವುದು ಇದರಿಂದಲೇ.

ಕನ್ನಡ ಧಾರಾವಾಹಿಗಳಲ್ಲೂ ಇದು ಹೊಸದಲ್ಲ. ಒಂದು ಗಂಟೆಯ ಮಹಾಸಂಚಿಕೆಯನ್ನು ಒಬ್ಬರು ಒಂದು ಎಂದು ಎಣಿಸಿದರೆ, ಅರ್ಧ ಗಂಟೆಗೊಂದು ಎಂಬ ಲೆಕ್ಕದವರು ಎರಡು ಎನ್ನುತ್ತಾರೆ. ಸಾವಿರದ ಸಂಚಿಕೆ ಯಾವತ್ತು ಬಂತು ಎಂಬುದೂ ಅದರ ಮೇಲೆ ನಿಲ್ಲುತ್ತದೆ. ಕೆಲವು ಆ್ಯಪ್‌ಗಳು ಚಂದಾದಾರರಿಗೆ ಟಿವಿಗಿಂತ ಮೊದಲೇ ಸಂಚಿಕೆ ತೋರಿಸುತ್ತವೆ. ಅಲ್ಲಿ ಪ್ರಸಾರದ ದಿನಕ್ಕಿಂತ ಬಿಡುಗಡೆಯ ದಿನವೇ ಹಿಂದಿನದು.

ಆಗುಂಬೆಯಲ್ಲಿ ಚಿತ್ರೀಕರಣಗೊಂಡ ‘ಮಾಲ್ಗುಡಿ ಡೇಸ್’ ಪಟ್ಟಿಗಳನ್ನಂತೂ ಕನ್ನಡಿಗರು ವಿಶೇಷ ಎಚ್ಚರದಿಂದ ಓದಬೇಕು. 13, 39, 54 ಎಂಬ ಮೂರು ಸಂಖ್ಯೆಗಳು ಅದರ ಹೆಸರಿನ ಮುಂದೆ ಕಾಣಸಿಗುತ್ತವೆ. ಶಂಕರ್‌ನಾಗ್ ನಿರ್ದೇಶಿಸಿದ್ದು 39 ಕಂತುಗಳನ್ನು. ಅವುಗಳಲ್ಲಿ ಇಂಗ್ಲಿಷ್‌ನಲ್ಲೂ ತಯಾರಾದದ್ದು ಮೊದಲ 13 ಮಾತ್ರ, ಹಿಂದಿಯಲ್ಲಿ ಎಲ್ಲವೂ ಬಂದವು. ಶಂಕರ್‌ನಾಗ್ 1990ರಲ್ಲಿ ತೀರಿಕೊಂಡರು. 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದ 15 ಹೊಸ ಕಂತುಗಳು ದೂರದರ್ಶನದಲ್ಲಿ ಬಂದು ಸಂಖ್ಯೆ 54ಕ್ಕೆ ಏರಿತು. ಶಂಕರ್‌ನಾಗ್ 54 ಕಂತು ಮಾಡಿದರು ಎಂದು ಬರೆದರೆ ಕವಿತಾ ಅವರ ಕೆಲಸ ಪೂರ್ತಿ ಮರೆಯಾಗುತ್ತದೆ. 13ಕ್ಕೇ ನಿಂತರೆ ಶಂಕರ್‌ನಾಗ್ ಮಾಡಿದ 26 ಕಂತುಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ.