ಪೌಂಡಿನ ಪಿಂಚಣಿ, ರೂಪಾಯಿಯ ಸಂಸಾರ

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದು, ವಯಸ್ಸಾದ ಮೇಲೆ ಮಂಗಳೂರಿಗೋ ಮೈಸೂರಿಗೋ ಮರಳಿದ ನರ್ಸ್ ಅಥವಾ ವೈದ್ಯರಿಗೆ ಅಲ್ಲಿನ ಸರ್ಕಾರದ ‘ಸ್ಟೇಟ್ ಪೆನ್ಷನ್’ ಇಲ್ಲಿದ್ದರೂ ಸಿಗುತ್ತದೆ. ಮೊತ್ತ ನಿಗದಿಯಾಗುವುದು ಪೌಂಡಿನಲ್ಲಿ, ಖರ್ಚಾಗುವುದು ರೂಪಾಯಿಯಲ್ಲಿ. ಹೀಗಾಗಿ ಪಿಂಚಣಿಯಲ್ಲಿ ಒಂದು ಪೆನ್ನಿಯೂ ವ್ಯತ್ಯಾಸವಾಗದಿದ್ದರೂ ಮನೆಗೆ ಬರುವ ಹಣ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ.

ವಾರಕ್ಕೆ 150 ಪೌಂಡ್ ಪಿಂಚಣಿ ಇರುವ, ಮೈಸೂರಿನಲ್ಲಿ ನೆಲೆಸಿದ ನಿವೃತ್ತ ನರ್ಸ್ ಒಬ್ಬರ ಲೆಕ್ಕವನ್ನೇ ತೆಗೆದುಕೊಳ್ಳಬಹುದು. ಈ ಪಿಂಚಣಿ ತಿಂಗಳಿಗೊಮ್ಮೆ ಬರುವುದಲ್ಲ. ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ, ಅಂದರೆ 28 ದಿನಕ್ಕೊಮ್ಮೆ ಜಮೆಯಾಗುತ್ತದೆ. ಹದಿಮೂರು ವಾರಕ್ಕೊಮ್ಮೆ ಪಡೆಯುವ ಆಯ್ಕೆಯೂ ಇದೆ. ನಾಲ್ಕು ವಾರದ ಲೆಕ್ಕದಲ್ಲಿ ಪ್ರತಿ ಕಂತು 600 ಪೌಂಡ್, ವರ್ಷಕ್ಕೆ 13 ಕಂತು. ಪೌಂಡಿಗೆ 100 ರೂಪಾಯಿ ಇದ್ದಾಗ ಕಂತಿಗೆ 60,000 ರೂಪಾಯಿ. ದರ 82ಕ್ಕೆ ಇಳಿದರೆ 49,200. 115ಕ್ಕೆ ಏರಿದರೆ 69,000. ಇವು ಕಾಗದದ ಮೇಲಿನ ಊಹೆಯಲ್ಲ, ಹತ್ತು ವರ್ಷಗಳೊಳಗೆ ಕಂಡ ದರಗಳೇ.

2016ರ ಜೂನ್ 23ರಂದು ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ ಬೇಡವೇ ಎಂದು ಮತ ಹಾಕಿದ ದಿನ ಪೌಂಡ್ ಸುಮಾರು 100 ರೂಪಾಯಿ ಇತ್ತು. ಮರುದಿನವೇ ಜಾರಿ, ಅಕ್ಟೋಬರ್ ಹೊತ್ತಿಗೆ 82ರ ಆಸುಪಾಸಿಗೆ ಬಂತು. ಆಮೇಲೂ ಸುಮಾರು ಒಂದೂವರೆ ವರ್ಷ ಹೆಚ್ಚುಕಡಿಮೆ 90ರ ಕೆಳಗೇ ಉಳಿಯಿತು. 2022ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಸಾಲ ಮಾಡಿ ತೆರಿಗೆ ಇಳಿಸುತ್ತೇವೆಂದು ಘೋಷಿಸಿದಾಗ ಮಾರುಕಟ್ಟೆ ಗಾಬರಿಬಿದ್ದು, ಪೌಂಡ್ ಡಾಲರಿನೆದುರು ದಾಖಲೆಯ ಕೆಳಮಟ್ಟ ಮುಟ್ಟಿತು. 2025ರಲ್ಲಿ ಅದೇ ಪೌಂಡ್ 115 ರೂಪಾಯಿ ದಾಟಿತು. ಪೌಂಡ್–ರೂಪಾಯಿ ದರ ನಿಂತಿರುವುದು ಎರಡು ಕಾಲಿನ ಮೇಲೆ: ಪೌಂಡಿಗೆ ಎಷ್ಟು ಡಾಲರ್, ಡಾಲರಿಗೆ ಎಷ್ಟು ರೂಪಾಯಿ. 2016ರಲ್ಲಿ ರೂಪಾಯಿ ಬಹುಮಟ್ಟಿಗೆ ನಿಂತಲ್ಲೇ ಇತ್ತು, ಕುಸಿದದ್ದು ಪೌಂಡ್. ‘ರೂಪಾಯಿ ಕುಸಿತ’ ಎಂಬ ಸುದ್ದಿ ಓದಿ ಪೌಂಡಿನ ಪಿಂಚಣಿದಾರರು ಹಿಗ್ಗುವಂತಿಲ್ಲ. ಆ ಸುದ್ದಿ ಸಾಮಾನ್ಯವಾಗಿ ಡಾಲರಿನ ಮಾತು.

ಇದರ ಮೇಲೆ ಇನ್ನೊಂದು ಪೆಟ್ಟು ಇದೆ. ಬ್ರಿಟನ್ನಿನಲ್ಲೇ ಇರುವವರ ಸ್ಟೇಟ್ ಪೆನ್ಷನ್ ಪ್ರತಿವರ್ಷ ಏರುತ್ತದೆ. ಭಾರತದಲ್ಲಿ ನೆಲೆಸಿದವರಿಗೆ ಆ ಏರಿಕೆ ಇಲ್ಲ, ಇಲ್ಲಿ ಪಡೆಯಲು ಆರಂಭಿಸಿದಾಗ ಇದ್ದ ಮೊತ್ತವೇ ಕಾಯಂ. ಅಮೆರಿಕ, ಫಿಲಿಪ್ಪೀನ್ಸ್‌ನಲ್ಲಿ ನೆಲೆಸಿದವರಿಗೆ ಏರಿಕೆ ಸಿಗುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾದಲ್ಲಿ ಇರುವವರಿಗೆ ಸಿಗುವುದಿಲ್ಲ. ಒಂದೇ ವಾರ್ಡಿನಲ್ಲಿ ದುಡಿದ ಇಬ್ಬರಿಗೆ ಹೀಗೆ ಬೇರೆ ಬೇರೆ ನ್ಯಾಯ. ಹೋಗಲಿ, ಪೌಂಡಿನ ಬೆಲೆ ಏರುತ್ತಲೇ ಇರುತ್ತದೆ, ಇಲ್ಲಿನ ಬೆಲೆಯೇರಿಕೆಯನ್ನು ಅದೇ ತುಂಬಿಕೊಡುತ್ತದೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2000ದಲ್ಲಿ ಪೌಂಡ್ ಸುಮಾರು 70 ರೂಪಾಯಿ ಇತ್ತು, 2010ರಲ್ಲೂ ಸುಮಾರು 70. ಆ ಹತ್ತು ವರ್ಷದಲ್ಲಿ ಅಕ್ಕಿ, ಬೇಳೆ, ಬಾಡಿಗೆ ಯಾವುದೂ ನಿಂತಲ್ಲಿ ನಿಲ್ಲಲಿಲ್ಲ.

ಮನೆಯ ಬಜೆಟ್ ಹಾಕುವ ಮುಂಚೆ ಕೈಗೆ ಬರುವ ನಿಜವಾದ ದರ ಯಾವುದೆಂದು ತಿಳಿದಿರಬೇಕು. ಟಿವಿಯಲ್ಲಿ ಹೇಳುವುದು ಬ್ಯಾಂಕುಗಳು ತಮ್ಮತಮ್ಮೊಳಗೆ ವ್ಯವಹರಿಸುವ ದರ. ಗ್ರಾಹಕರಿಗೆ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ಕಂಡುಹಿಡಿಯುವುದು ಸುಲಭ: ಪಾಸ್‌ಬುಕ್ಕಿನಲ್ಲಿ ಜಮೆಯಾದ ರೂಪಾಯಿಯನ್ನು ಅಲ್ಲಿಂದ ಹೊರಟ ಪೌಂಡಿನಿಂದ ಭಾಗಿಸಿದರೆ ನಿಜದರ ಸಿಗುತ್ತದೆ. ಅದನ್ನು ಎಫ್‌ಬಿಐಎಲ್ ಸಂಸ್ಥೆ ಅದೇ ದಿನ ಪ್ರಕಟಿಸಿದ ಉಲ್ಲೇಖ ದರದ ಪಕ್ಕ ಇಟ್ಟು ನೋಡಬೇಕು. ಪೌಂಡಿಗೆ 2 ರೂಪಾಯಿ ಅಂತರವಿದ್ದರೆ ಕಂತಿಗೆ 1,200, ವರ್ಷಕ್ಕೆ 15,600 ರೂಪಾಯಿ ದಾರಿಯಲ್ಲೇ ಉದುರುತ್ತಿದೆ ಎಂದರ್ಥ. ಹಣ ಪೌಂಡಿನಲ್ಲಿಯೇ ಬಂದು ಇಲ್ಲಿನ ಬ್ಯಾಂಕ್ ಪರಿವರ್ತಿಸಿದರೆ ಅದರ ಮೇಲೆ ಜಿಎಸ್‌ಟಿಯೂ ಬೀಳುತ್ತದೆ. 60,000 ರೂಪಾಯಿಗೆ 108 ರೂಪಾಯಿ, ತಲೆಕೆಡಿಸಿಕೊಳ್ಳುವಂಥದ್ದಲ್ಲ. ಜೇಬು ಕತ್ತರಿಸುವುದು ದರದ ಅಂತರವೇ.

ಇನ್ನು ಬಜೆಟ್. ಈ ತಿಂಗಳ ದರದಲ್ಲಿ ಈ ತಿಂಗಳ ಸಂಸಾರ ನಡೆಸುವುದೇ ಎಲ್ಲರೂ ಮಾಡುವ ತಪ್ಪು. ದರ ಏರಿದಾಗ ಖರ್ಚು ತಾನಾಗಿ ಏರುತ್ತದೆ, ಇಳಿದಾಗ ಖರ್ಚು ಇಳಿಯುವುದಿಲ್ಲ. ಅದರ ಬದಲು ಮನೆಗೆಂದೇ ಒಂದು ತಗ್ಗಿನ ದರ ಗೊತ್ತುಮಾಡಿಕೊಳ್ಳಬೇಕು. ಈಗಿನ ದರ 105 ಇದ್ದರೆ, ಕೆಟ್ಟ ವರ್ಷಗಳ ಅನುಭವ ನೋಡಿ 90 ಎಂದು ಇಟ್ಟುಕೊಳ್ಳಬಹುದು. ಆಗ ಕಂತಿಗೆ 54,000 ರೂಪಾಯಿ. ಪಿಂಚಣಿ ಒಂದು ಖಾತೆಗೆ ಬರಲಿ. ಅಲ್ಲಿಂದ ಪ್ರತಿ ತಿಂಗಳ ಒಂದನೇ ತಾರೀಕು 54,000 ಮಾತ್ರ ಮನೆಖರ್ಚಿನ ಖಾತೆಗೆ ಹೋಗಲಿ. ಬಾಡಿಗೆ, ದಿನಸಿ, ಔಷಧಿ, ಮನೆಗೆಲಸದವರ ಸಂಬಳ ಇಷ್ಟರಲ್ಲೇ ಮುಗಿಯಬೇಕು. 28 ದಿನದ ಲೆಕ್ಕದಿಂದ ಜಮೆಯ ದಿನ ಹಿಂದಕ್ಕೆ ಸರಿಯುತ್ತಾ ಹೋಗುವುದರಿಂದ, ಸಾಮಾನ್ಯವಾಗಿ ವರ್ಷದಲ್ಲಿ ಒಂದು ತಿಂಗಳು ಎರಡು ಕಂತು ಬೀಳುತ್ತವೆ. ಆ ಹದಿಮೂರನೆಯ ಕಂತನ್ನು ಮುಟ್ಟದೆ ಆರೋಗ್ಯ ವಿಮೆಯ ಪ್ರೀಮಿಯಂ, ಮನೆ ಕಂದಾಯದಂಥ ವರ್ಷಕ್ಕೊಮ್ಮೆಯ ಖರ್ಚಿಗೆ ಎತ್ತಿಡಬಹುದು. ಅದನ್ನು ಬೋನಸ್ ಎಂದು ತಿಳಿದವರು ಪ್ರೀಮಿಯಂ ಕಟ್ಟುವಾಗ ಎಫ್‌ಡಿ ಮುರಿಸುತ್ತಾರೆ.

ದರ 105 ಇರುವಷ್ಟು ದಿನ ಪ್ರತಿ ಕಂತಿನಲ್ಲಿ 9,000 ರೂಪಾಯಿ ಮೊದಲ ಖಾತೆಯಲ್ಲೇ ಉಳಿಯುತ್ತದೆ. ಎಂಟು ಕಂತಿಗೆ 72,000. ಆಮೇಲೆ ದರ 82ಕ್ಕೆ ಬಿದ್ದರೆ ಕಂತಿಗೆ 4,800 ಕೊರತೆ; ಕೂಡಿಟ್ಟದ್ದು 15 ಕಂತು, ಅಂದರೆ ಹದಿನಾಲ್ಕು ತಿಂಗಳ ಹತ್ತಿರ ತಡೆಯುತ್ತದೆ. 2016ರಂಥ ಕುಸಿತವನ್ನು ಬಹುಪಾಲು ದಾಟಿಸಲು ಇದು ಸಾಕು. ಅದಕ್ಕಿಂತ ಹೆಚ್ಚು ಉಳಿದದ್ದನ್ನು ಬೆಲೆಯೇರಿಕೆಗೆಂದು ಠೇವಣಿಗೆ ಹಾಕಬಹುದು. ಆರು ತಿಂಗಳು ಕಳೆದರೂ ನಿಜದರ ಮನೆಯ ದರಕ್ಕಿಂತ ಕೆಳಗೇ ಇದ್ದು, ಕೂಡಿಟ್ಟದ್ದು ಅರ್ಧಕ್ಕೆ ಬಂದರೆ, ಅದು ತಾತ್ಕಾಲಿಕ ಏರಿಳಿತವಲ್ಲ ಎಂದು ಒಪ್ಪಿಕೊಂಡು ಮನೆಯ ದರವನ್ನೇ ಇಳಿಸಬೇಕು.

ಪಿಂಚಣಿಯನ್ನು ಬ್ರಿಟನ್ನಿನ ಖಾತೆಗೇ ಹಾಕಿಸಿಕೊಂಡು, ಬೇಕಾದಾಗ ತರಿಸಿಕೊಳ್ಳುವ ದಾರಿಯೂ ಇದೆ. ಆಗ ಎಂದು, ಯಾರ ಮೂಲಕ ಎಂಬುದು ಪಿಂಚಣಿದಾರರ ಕೈಯಲ್ಲಿರುತ್ತದೆ. ನೇರವಾಗಿ ಭಾರತದ ಖಾತೆಗೆ ರೂಪಾಯಿಯಲ್ಲಿ ಕಳಿಸಿದರೆ ಆ ಆಯ್ಕೆ ಇಲ್ಲ. ಆದರೆ ಒಳ್ಳೆಯ ದರಕ್ಕೆಂದು ಅಡುಗೆಮನೆಯ ದುಡ್ಡನ್ನು ತಡೆಹಿಡಿಯುವುದು ಜೂಜು. ಕಾಯಬಹುದಾದದ್ದು ಮನೆಖರ್ಚಿಗೆ ಮೀರಿದ ಪೌಂಡುಗಳು ಮಾತ್ರ. ಜೊತೆಗೆ, ಪೂರ್ಣ ನಿವಾಸಿಗಳಾದವರು ಅಂಥ ವಿದೇಶಿ ಖಾತೆಯನ್ನು ಆದಾಯ ತೆರಿಗೆ ರಿಟರ್ನಿನಲ್ಲಿ, ತೆರಿಗೆ ಬರಲಿ ಬಿಡಲಿ, ತೋರಿಸಲೇಬೇಕು.

ಕೂಡಿಟ್ಟ ಹಣಕ್ಕೆ ಇನ್ನೊಂದು ಕೆಲಸವೂ ಇದೆ. ಪಿಂಚಣಿದಾರರು ಬದುಕಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಲು ಬ್ರಿಟನ್ನಿನ ಪಿಂಚಣಿ ಇಲಾಖೆ ಆಗಾಗ ಜೀವಿತ ಪ್ರಮಾಣಪತ್ರದ ನಮೂನೆಯನ್ನು ಅಂಚೆಯಲ್ಲಿ ಕಳಿಸುತ್ತದೆ. ವಿಳಾಸ ಬದಲಾಗಿ ಅದು ತಲುಪದಿದ್ದರೆ, ಅಥವಾ ಸಾಕ್ಷಿಯ ಸಹಿಯೊಂದಿಗೆ ಹಿಂತಿರುಗದಿದ್ದರೆ ಪಾವತಿ ನಿಲ್ಲಬಹುದು. ನಮೂನೆ ತಲುಪಿ, ಬಾಕಿ ಸಮೇತ ಪಿಂಚಣಿ ಮತ್ತೆ ಹರಿದು ಬರುವವರೆಗೆ ಮನೆಯ ದರ ಎಷ್ಟಿದ್ದರೂ ಸೊನ್ನೆಯೇ. ಆದ್ದರಿಂದ ಆ 72,000ದ ಹೊರಗೆ ಕನಿಷ್ಠ ಎರಡು ಮೂರು ತಿಂಗಳ ಖರ್ಚಿನಷ್ಟು ಹಣ ಕೂಡಲೇ ತೆಗೆಯುವಂತೆ ಉಳಿತಾಯ ಖಾತೆಯಲ್ಲಿ ಇರಬೇಕು.