ಎಫ್‌ಡಿ ಮುರಿಸಿದರೆ ಕೈಗೆ ಬರುವುದೆಷ್ಟು?

ಎಫ್‌ಡಿಯನ್ನು ನಡುವೆ ಮುರಿಸಲು ಹೋದರೆ ‘ಒಂದು ಪರ್ಸೆಂಟ್ ದಂಡ’ ಎಂದು ಕೌಂಟರಿನಲ್ಲಿ ಹೇಳುತ್ತಾರೆ. ಐದು ಲಕ್ಷ ಇಟ್ಟವರು ಐದು ಸಾವಿರ ಹೋಯಿತೆಂದು ಮನಸ್ಸಿನಲ್ಲೇ ಲೆಕ್ಕ ಮುಗಿಸುತ್ತಾರೆ. ಆದರೆ ದಂಡ ಬೀಳುವುದು ಸಾಮಾನ್ಯವಾಗಿ ಅಸಲಿನ ಮೇಲಲ್ಲ, ಬಡ್ಡಿ ದರದ ಮೇಲೆ. ಅದಕ್ಕೂ ಮೊದಲೇ ಆ ದರ ಒಂದು ಮೆಟ್ಟಿಲು ಇಳಿದಿರಬಹುದು.

ಮೂರು ವರ್ಷಕ್ಕೆ ಶೇ 7ರ ದರದಲ್ಲಿ 5 ಲಕ್ಷ ರೂಪಾಯಿ ಇಟ್ಟು, 15 ತಿಂಗಳಿಗೆ ಮುರಿಸಿದಿರಿ ಎಂದುಕೊಳ್ಳಿ. ಶೇ 7 ಎಂಬುದು ಮೂರು ವರ್ಷ ಬಿಟ್ಟಿದ್ದರೆ ಸಿಗುತ್ತಿದ್ದ ದರ. ಹಣ ಇದ್ದದ್ದು 15 ತಿಂಗಳು ಮಾತ್ರ. ಹಾಗಾಗಿ ನೀವು ಹಣ ಇಟ್ಟ ದಿನ ಆ ಅವಧಿಗೆ ಯಾವ ದರವಿತ್ತೋ ಅದನ್ನು ಬ್ಯಾಂಕು ಹಿಡಿಯುತ್ತದೆ. ಇಂದಿನ ದರಪಟ್ಟಿಗೆ ಇಲ್ಲಿ ಕೆಲಸವಿಲ್ಲ. ಅದು ಶೇ 6.5 ಇತ್ತೆನ್ನೋಣ. ಇದರಲ್ಲಿ ಒಂದು ಪರ್ಸೆಂಟ್ ದಂಡ ಕಳೆದರೆ ಉಳಿಯುವುದು ಶೇ 5.5.

ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕಿದರೆ ಶೇ 7ರಲ್ಲಿ ಬಡ್ಡಿ 45,308 ರೂಪಾಯಿ ಆಗಬೇಕಿತ್ತು. ಶೇ 5.5ರಲ್ಲಿ ಆಗುವುದು 35,333. ಖಾತೆಗೆ ಜಮಾ ಆಗುವುದು 5,35,333 ರೂಪಾಯಿ. ಟಿಡಿಎಸ್ ಅನ್ವಯಿಸಿದರೆ ಅದನ್ನೂ ಕಳೆಯಬೇಕು. ತಪ್ಪಿಹೋದ 9,975 ರೂಪಾಯಿಯಲ್ಲಿ ದಂಡದ ಪಾಲು 6,634. ಉಳಿದ 3,341 ದರ ಇಳಿದದ್ದರಿಂದ ಹೋದದ್ದು. ಈ ಎರಡನೆಯದನ್ನು ಕೌಂಟರಿನಲ್ಲಿ ಯಾರೂ ದಂಡ ಎನ್ನುವುದಿಲ್ಲ.

ಬಡ್ಡಿಯನ್ನು ಆಗಾಗ ತೆಗೆದುಕೊಳ್ಳುತ್ತಿದ್ದವರಿಗೆ ಪೆಟ್ಟು ಬೇರೆ ರೀತಿಯಲ್ಲಿ ಕಾಣುತ್ತದೆ. ನಿವೃತ್ತರು ಹೆಚ್ಚಾಗಿ ಹೀಗೇ ಇಡುತ್ತಾರೆ. ಇದೇ ಠೇವಣಿಯಲ್ಲಿ ಮೂರು ತಿಂಗಳಿಗೊಮ್ಮೆ 8,750 ರೂಪಾಯಿಯಂತೆ ಐದು ಸಲ 43,750 ರೂಪಾಯಿ ಅವರ ಕೈಸೇರಿರುತ್ತದೆ. ಹೊಸ ಲೆಕ್ಕದಲ್ಲಿ ಸಲ್ಲಬೇಕಾದದ್ದು 34,375 ಮಾತ್ರ. ಹೆಚ್ಚು ಕೊಟ್ಟ 9,375 ರೂಪಾಯಿಯನ್ನು ಬ್ಯಾಂಕು ಅಸಲಿನಿಂದಲೇ ಹಿಡಿದುಕೊಳ್ಳುತ್ತದೆ. ಐದು ಲಕ್ಷ ಇಟ್ಟವರ ಖಾತೆಗೆ 4,90,625 ಬಂದಾಗ ಅಸಲೇ ಕರಗಿತೆಂದು ಗಾಬರಿಯಾಗುವುದು ಸಹಜ. ನಷ್ಟ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ.

ದಂಡದ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವೆಡೆ ಅರ್ಧ ಪರ್ಸೆಂಟ್. ಏಳು ದಿನದೊಳಗೆ ಮುರಿಸಿದರೆ ಬಡ್ಡಿಯೇ ಇಲ್ಲ. ತೆರಿಗೆ ಉಳಿತಾಯದ ಐದು ವರ್ಷದ ಎಫ್‌ಡಿಯನ್ನು ಬೇಕೆಂದಾಗ ಮುರಿಸಲು ಬರುವುದಿಲ್ಲ.

ಹಣ ಬೇಕಿರುವುದು ಒಂದೆರಡು ತಿಂಗಳಿಗಾದರೆ ನನ್ನ ಮಟ್ಟಿಗೆ ಎಫ್‌ಡಿ ಮೇಲಿನ ಸಾಲವೇ ಲೇಸು. ಠೇವಣಿಯ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಅದು ಸಾಮಾನ್ಯವಾಗಿ ಸಿಗುತ್ತದೆ. ಶೇ 9ರಂತೆ ಎರಡು ಲಕ್ಷಕ್ಕೆ ಎರಡು ತಿಂಗಳ ಬಡ್ಡಿ 3,000 ರೂಪಾಯಿ. ಅತ್ತ ಶೇ 7ರ ಎಫ್‌ಡಿ ಪೂರ್ತಿ ಐದು ಲಕ್ಷಕ್ಕೆ ಬಡ್ಡಿ ದುಡಿಯುತ್ತಲೇ ಇರುತ್ತದೆ.